ಹೆಕ್ಕುವ ಕೈಯ ಉಲ್ಟಾ ಸಾಲು

ಹೆಣಿಗೆ ಮನೆಯ ಹೆಂಗಸರು ಅವಳಿಗೆ ದೊರೆಸಾನಿ ಎಂದು ಹೆಸರಿಟ್ಟಿದ್ದರು. ಎದುರಿಗೆ ಅಕ್ಕಾ ಎನ್ನುತ್ತಿದ್ದರು, ಬೆನ್ನ ಹಿಂದೆ ದೊರೆಸಾನಿ. ಈ ಎರಡನೆಯ ಹೆಸರು ಅವಳ ಕಿವಿಗೆ ಬಿದ್ದು ಎಷ್ಟೋ ವರ್ಷಗಳಾಗಿದ್ದವು, ಬಿದ್ದಾಗ ಅವಳಿಗೆ ಒಳಗೊಳಗೇ ಖುಷಿಯೂ ಆಗಿತ್ತು. ಅದರಲ್ಲಿದ್ದ ವ್ಯಂಗ್ಯ ಅವಳಿಗೆ ತಟ್ಟಲಿಲ್ಲ. ಊರಿನವರ ಕೈಕೆಲಸದಲ್ಲೆಲ್ಲ ಹುಳುಕು ಕಾಣುವ ಕಣ್ಣಿಗೆ ತನ್ನ ಬಗ್ಗೆ ಆಡಿದ ಮಾತಿನ ಹುಳುಕು ಮಾತ್ರ ಕಾಣುತ್ತಿರಲಿಲ್ಲ.

ಉಣ್ಣೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ. ಗೋಡೆಗೆ ಕಪಾಟು, ಕಪಾಟಿನ ತುಂಬ ಉಣ್ಣೆ ಉಂಡೆ. ಒಂದು ಕೊನೆಯಲ್ಲಿ ದೊಡ್ಡ ಕಿಟಕಿ, ಅದರ ಪಕ್ಕ ಕೈಯಿರುವ ಒಂದೇ ಒಂದು ಕುರ್ಚಿ. ಅದು ದೊರೆಸಾನಿಯದು. ಬೇರೆಯವರು ಹೆಣೆದು ತಂದ ಪ್ರತಿ ತುಂಡನ್ನೂ ಅವಳು ಆ ಕಿಟಕಿಯ ಬೆಳಕಿಗೆ ಹಿಡಿದು, ಎರಡೂ ಕೈಯಿಂದ ಅಗಲಿಸಿ, ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಸಾಲುಗಳೆಲ್ಲ ಒಂದೇ ಸಮ ಇದ್ದರೆ ತುಂಡನ್ನು ಮಡಚಿ ಇಡುತ್ತಿದ್ದಳು, ಹೊಗಳಿಕೆ ಎಂದರೆ ಅದೇ. ಒಂದು ಸಾಲು ಬಿಗಿ, ಮುಂದಿನ ಸಾಲು ಸಡಿಲ ಎಂದು ಬೆಳಕು ಪಟ್ಟೆ ಪಟ್ಟೆಯಾಗಿ ತೂರಿ ಬಂದರೆ ಮುಗಿಯಿತು. "ಇದು ಸ್ವೆಟರೋ, ಸೊಳ್ಳೆ ಪರದೆಯೋ?" ಎಂದು ಇಡೀ ಕೋಣೆಗೆ ಕೇಳುವ ಹಾಗೆ ಕೇಳುತ್ತಿದ್ದಳು. ಹೀಗೆ ಎರಡು ಸಲ ಕೇಳಿಸಿಕೊಂಡವರು ಬಾಗಿಲ ಪಕ್ಕದ ಬೆಂಚಿಗೆ ಹೋಗಬೇಕು. ಅದು ಮಫ್ಲರ್ ಬೆಂಚು. ಅಲ್ಲಿ ಸೀದಾ ಸಾಲಿನ ಮೇಲೆ ಮತ್ತೆ ಸೀದಾ ಸಾಲು, ಉಬ್ಬು ತಗ್ಗಿನ ಹೆಣಿಗೆ. ಅದರಲ್ಲಿ ಯಾರ ಕೈ ಹೇಗಿದ್ದರೂ ಗೊತ್ತಾಗುವುದಿಲ್ಲ. ಈ ನಿಯಮ ಮಾಡಿದವಳೂ ದೊರೆಸಾನಿಯೇ.

ಆ ಬೆಂಚಿನಲ್ಲಿ ನಾಲ್ಕು ಜನ ಕೂರುತ್ತಿದ್ದರು. ಅವರಲ್ಲಿ ಒಬ್ಬಳು ದೊರೆಸಾನಿಯ ಸ್ವಂತ ನಾದಿನಿ, ಗಂಡನ ತಂಗಿ. ಒಂದೇ ಮನೆಯ ಕೆಳಗೆ ಇವಳು, ಮೇಲೆ ಅವಳು; ಒಂದೇ ಬಸ್ಸಿನಲ್ಲಿ ಬರುತ್ತಿದ್ದರು, ಆದರೆ ಇವಳು ಮುಂದಿನ ಸೀಟು, ಅವಳು ಹಿಂದಿನದು. ನಾದಿನಿಯನ್ನು ಮಫ್ಲರಿಗೆ ಅಟ್ಟಿ ಎಂಟು ವರ್ಷಗಳಾಗಿದ್ದವು. ಅವಳ ತಪ್ಪು ಒಂದೇ: ಅವಳದು ಹೆಕ್ಕುವ ಕೈ.

ಹೆಣಿಗೆಯಲ್ಲಿ ಎರಡು ಜಾತಿ ಎನ್ನುವುದು ದೊರೆಸಾನಿಯ ಸಿದ್ಧಾಂತ. ಎಸೆಯುವ ಕೈಯವರು ನೂಲನ್ನು ಬಲಗೈಯಲ್ಲಿ ಹಿಡಿಯುತ್ತಾರೆ; ಕಡ್ಡಿ ಕುಣಿಕೆಯೊಳಗೆ ಹೊಕ್ಕ ಮೇಲೆ ಬಲಗೈ ನೂಲನ್ನು ಅದರ ತುದಿಗೆ ಎಸೆದು ಸುತ್ತುತ್ತದೆ. ಹೆಕ್ಕುವ ಕೈಯವರ ನೂಲು ಎಡಗೈಯ ತೋರುಬೆರಳಿನ ಮೇಲೆ ಬಿಗಿಯಾಗಿ ನಿಂತಿರುತ್ತದೆ. ಬಲಗಡ್ಡಿಯ ತುದಿ ಹೋಗಿ ಅದನ್ನು ಹೆಕ್ಕಿಕೊಂಡು ಬರುತ್ತದೆ. ಎಸೆಯುವುದು ಹೆಣಿಗೆ, ಹೆಕ್ಕುವುದು ಸೋಮಾರಿತನ ಎಂದು ದೊರೆಸಾನಿ ಹೇಳುತ್ತಿದ್ದಳು. ಕೋಳಿ ಕೂಡ ಹೆಕ್ಕುತ್ತದೆ, ಅದೇನು ಸ್ವೆಟರ್ ಹಾಕುತ್ತದೆಯೇ ಎಂದೂ ಹೇಳುತ್ತಿದ್ದಳು. ಹೆಕ್ಕುವ ಕೈಯಲ್ಲಿ ಸೀದಾ ಸಾಲು ಸುಲಭ, ಉಲ್ಟಾ ಸಾಲು ಸಡಿಲ ಬೀಳುತ್ತದೆ ಎನ್ನುವುದು ನಿಜವೇ. ಎಂಟು ವರ್ಷದ ಹಿಂದೆ ನಾದಿನಿಯ ಉಲ್ಟಾ ಸಾಲೂ ಸಡಿಲವೇ ಇತ್ತು. ಅಂದು ಅವಳ ತುಂಡನ್ನು ಕಿಟಕಿಗೆ ಹಿಡಿದು ನೋಡಿದ ದೊರೆಸಾನಿ ಆಮೇಲೆ ಅವಳ ಕೈಯ ಕಡೆ ತಿರುಗಿ ನೋಡಿರಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದ ಮೇಲೆ ಮತ್ತೆ ಎಣಿಸುವುದು ಯಾಕೆ?

ಇಂಥವಳ ಬಲಗೈ ಹೆಬ್ಬೆರಳು ಕೈಕೊಟ್ಟಿತು. ಮೊದಲು ಬುಡದಲ್ಲಿ ಸಣ್ಣಗೆ ಚುಚ್ಚಿತು, ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಲೂ ಬಿಡಲಿಲ್ಲ. ಡಾಕ್ಟರು ಒತ್ತಿ, ತಿರುಗಿಸಿ ನೋಡಿ, ಸಂದು ಸವೆದಿದೆ, ಇನ್ನು ಈ ಬೆರಳಿನಿಂದ ಹೆಣಿಗೆ ಬೇಡ, ಬೇಕಿದ್ದರೆ ಇನ್ನೊಂದು ಕೈ ರೂಢಿ ಮಾಡಿಕೊಳ್ಳಿ ಎಂದರು. ದೊರೆಸಾನಿ ಅವರ ಕುತ್ತಿಗೆಯಲ್ಲಿದ್ದ ಮಫ್ಲರನ್ನೇ ದಿಟ್ಟಿಸುತ್ತಿದ್ದಳು. ಅದು ಯಂತ್ರದಲ್ಲಿ ಮಾಡಿದ್ದು. ಯಂತ್ರದ ಮಫ್ಲರ್ ಹಾಕಿಕೊಳ್ಳುವವರಿಂದ ಹೆಣಿಗೆಯ ಪಾಠ ಬೇರೆ ಕೇಳಬೇಕಾಗಿ ಬಂತಲ್ಲ ಎಂದುಕೊಂಡು ಎದ್ದು ಬಂದಳು. ಮನೆಯಲ್ಲೂ ಹೇಳಲಿಲ್ಲ, ಕೆಲಸದ ಮನೆಯಲ್ಲೂ ಹೇಳಲಿಲ್ಲ.

ಹೇಳುವ ಹೊತ್ತೂ ಅದಾಗಿರಲಿಲ್ಲ. ಒಂದು ಹಾಡುವ ತಂಡದವರು ಹದಿನಾಲ್ಕು ಸ್ವೆಟರ್ ಬೇಕೆಂದಿದ್ದರು. ಬೂದಿ ಬಣ್ಣ, ಒಂದು ಹೂವಿಲ್ಲ, ಒಂದು ಜಡೆಯಿಲ್ಲ, ಪೂರ್ತಿ ಸಾದಾ. ಹೊರಗೆ ಸೀದಾ, ಒಳಗೆ ಉಲ್ಟಾ. ತಿಳಿಯದವರು ಸಾದಾ ಎಂದರೆ ಸುಲಭ ಎಂದುಕೊಳ್ಳುತ್ತಾರೆ. ಚಿತ್ತಾರದ ಸ್ವೆಟರಿನಲ್ಲಿ ಎಷ್ಟು ತಪ್ಪನ್ನಾದರೂ ಮುಚ್ಚಬಹುದು, ಸಾದಾ ಸ್ವೆಟರಿನಲ್ಲಿ ಕೈ ಬೆತ್ತಲೆ. ಅಂಗಡಿಯ ಯಜಮಾನಿ ಕೆಲಸ ಹಂಚುವಾಗ ಬೆನ್ನಿನ ತುಂಡೊಂದನ್ನು ದೊರೆಸಾನಿಗೆ ಕೊಟ್ಟಳು. ಜನ ಸಾಲದೆ ಇನ್ನೊಂದು ಬೆನ್ನನ್ನು ನಾದಿನಿಗೂ ಕೊಟ್ಟಳು. ದೊರೆಸಾನಿ ಮೂಗು ಮುರಿದಳು. ಮಫ್ಲರ್ ಬೆಂಚಿನಿಂದ ಎದ್ದು ಬಂದ ಬೆನ್ನನ್ನು ತಾನೇ ಕಿಟಕಿಗೆ ಹಿಡಿಯುವುದಿದೆಯಲ್ಲ, ಆಗ ಆಡುವ ಮಾತನ್ನು ಆಗಲೇ ಮನಸ್ಸಿನಲ್ಲಿ ಮಸೆದಿಟ್ಟುಕೊಂಡಳು.

ಕಂಕುಳಿನವರೆಗೆ ಹಲ್ಲು ಕಚ್ಚಿ ಎಸೆದೇ ಹೆಣೆದಳು. ಅಲ್ಲಿಗೆ ಹೆಬ್ಬೆರಳು ಸತ್ತೇ ಹೋಯಿತು. ಕಡ್ಡಿ ಎರಡು ಸಲ ಕೈಜಾರಿ ನೆಲಕ್ಕೆ ಬಿತ್ತು, ಎರಡು ಸಲವೂ ಅವಳು ಉಣ್ಣೆಯನ್ನು ಬೈದಳು. ಈ ಬೆನ್ನು ಮುಗಿಯದಿದ್ದರೆ ವಿಷಯ ಹೊರಬೀಳುತ್ತದೆ. ಹೊರಬಿದ್ದರೆ ಕುರ್ಚಿ ಹೋಗುತ್ತದೆ. ಹೆಣೆಯಲಾಗದವಳು ಹೆಣಿಗೆ ನೋಡುವುದು ಹೇಗೆ ಎಂದು ಕೇಳುವ ಮೊದಲ ಬಾಯಿ ತನ್ನದೇ ಆಗಿರುತ್ತಿತ್ತು. ಆ ಕುರ್ಚಿಯಿಲ್ಲದ ತನ್ನನ್ನು ನೆನೆಸಿಕೊಳ್ಳಲೂ ಅವಳಿಂದ ಆಗುತ್ತಿರಲಿಲ್ಲ. ಆ ಸಂಜೆ ತುಂಡನ್ನು ಚೀಲಕ್ಕೆ ಹಾಕಿ ಮನೆಗೆ ತಂದು, ಬಾಗಿಲು ಹಾಕಿಕೊಂಡು, ಮೂವತ್ತು ವರ್ಷ ಕೋಳಿಯ ಕೆಲಸ ಎಂದು ಬೈದಿದ್ದನ್ನು ತಾನೇ ಮಾಡಲು ಕುಳಿತಳು. ನೂಲನ್ನು ಎಡ ತೋರುಬೆರಳಿಗೆ ಸುತ್ತಿಕೊಂಡು ಹೆಕ್ಕಿದಳು.

ಸೀದಾ ಸಾಲು ಬೆಣ್ಣೆಯ ಹಾಗೆ ಸಾಗಿತು. ಹೆಬ್ಬೆರಳು ಸುಮ್ಮನಿತ್ತು. ಇಷ್ಟೇನಾ ಇವರ ವಿದ್ಯೆ ಎಂದು ದೊರೆಸಾನಿಗೆ ನಗು ಬಂತು. ತುಂಡು ತಿರುಗಿಸಿ ಉಲ್ಟಾ ಸಾಲು ಶುರು ಮಾಡಿದ ಮೇಲೆ ನಗು ನಿಂತಿತು. ನೂಲನ್ನು ಮುಂದಕ್ಕೆ ತಂದು, ಕಡ್ಡಿಯ ಮೇಲಿಂದ ಸುತ್ತಿ, ತೋರುಬೆರಳನ್ನು ಕೆಳಗೆ ಬಾಗಿಸಿ ಕುಣಿಕೆಯೊಳಗಿಂದ ಹೊರಗೆ ತರಬೇಕು. ಬೆರಳು ಬಾಗಿದ ಕ್ಷಣ ನೂಲು ಸಡಿಲವಾಗುತ್ತಿತ್ತು. ಹತ್ತು ಸಾಲಾದ ಮೇಲೆ ದೀಪಕ್ಕೆ ಹಿಡಿದು ನೋಡಿದಳು. ಕಂಕುಳಿನವರೆಗೆ ಗೋಡೆ, ಅಲ್ಲಿಂದ ಮೇಲೆ ಸೊಳ್ಳೆ ಪರದೆ. ಹಿಂಬದಿಯಲ್ಲಿ ಉಬ್ಬುಗಳು ಎರಡೆರಡಾಗಿ ಜೋಡಿ ಕಟ್ಟಿ, ನಡುವೆ ಕಾಲುವೆ ಬಿಟ್ಟುಕೊಂಡು ನಿಂತಿದ್ದವು. ಬಿಚ್ಚಿದಳು.

ಮಾರನೆಯ ದಿನ ಪ್ರತಿ ಉಲ್ಟಾ ಕುಣಿಕೆಯಾದ ಮೇಲೂ ನೂಲನ್ನು ಜಗ್ಗಿದಳು. ಆಗ ಕುಣಿಕೆಗಳು ಕಡ್ಡಿಗೆ ಜಿಗಣೆಯ ಹಾಗೆ ಕಚ್ಚಿಕೊಂಡು, ಅವನ್ನು ಸರಿಸುವುದಕ್ಕೆ ಮತ್ತೆ ಹೆಬ್ಬೆರಳೇ ಬೇಕಾಯಿತು. ಬಿಚ್ಚಿದಳು. ಉಲ್ಟಾ ಸಾಲಿಗೆ ಒಂದು ನಂಬರ್ ಸಣ್ಣ ಕಡ್ಡಿ ಹಿಡಿದರೆ ಕುಣಿಕೆ ಸಣ್ಣದಾಗಿ ಎರಡು ಸಾಲೂ ಸಮನಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಹಿಡಿದೂ ನೋಡಿದಳು, ನಾಲ್ಕು ಸಾಲು ಚೆನ್ನಾಗಿಯೇ ಬಂತು. ಆದರೆ ಒಂದು ಕಡ್ಡಿ ನೀಲಿ, ಒಂದು ಕಡ್ಡಿ ಹಸಿರು; ಬಾಗಿಲು ಹಾಕಿಕೊಂಡು ಕುಳಿತರೂ ಅದು ಅವಳ ಕಣ್ಣಿಗೇ ಚುಚ್ಚುತ್ತಿತ್ತು. ಒಮ್ಮೆ ಒಬ್ಬಳು ಹಾಗೆ ಹಿಡಿದಾಗ, ಕುಂಟನಿಗೆ ಊರುಗೋಲು ಎಂದು ಇವಳೇ ನಕ್ಕಿದ್ದಳು. ಸರಿಯಾದ ದಾರಿ ಕಾಲ ಬುಡದಲ್ಲೇ ಇತ್ತು. ಕಾಲಿಗೆ ಜಂಬದ ಜೋಡು ಹಾಕಿಕೊಂಡವಳು ಆ ದಾರಿಯನ್ನು ತುಳಿಯಲಿಲ್ಲ. ಅದನ್ನೂ ಬಿಚ್ಚಿದಳು.

ಉಳಿದದ್ದು ಕದಿಯುವುದು ಒಂದೇ. ಕೇಳಿದ್ದರೆ ನಾದಿನಿ ಅರ್ಧ ಗಂಟೆಯಲ್ಲಿ ಹೇಳಿಕೊಡುತ್ತಿದ್ದಳು, ಆದರೆ ಕೇಳುವುದಕ್ಕೆ ಬಾಯಿ ಬೇಕು. ದೊರೆಸಾನಿಯ ಬಾಯಿ ಆ ಕೆಲಸಕ್ಕೆ ಮಾಡಿದ್ದಲ್ಲ. ಗುಂಡಿ ಬೇಕು, ಕತ್ತರಿ ಬೇಕು ಎಂದು ಏನಾದರೂ ನೆವ ಹೇಳಿಕೊಂಡು ಬಾಗಿಲ ಪಕ್ಕದ ಕಪಾಟಿಗೆ ಹೋಗಿ ನಿಂತು, ಬೂದಿ ಬಣ್ಣದ ಬೆನ್ನು ಹೆಣೆಯುತ್ತಿದ್ದ ನಾದಿನಿಯ ಕೈಯನ್ನು ಓರೆಗಣ್ಣಿನಿಂದ ನೋಡಿದಳು. ಮೂರನೆಯ ಸಲಕ್ಕೆ ಗುಟ್ಟು ಸಿಕ್ಕಿತು. ಉಲ್ಟಾ ಸಾಲಿನಲ್ಲಿ ನಾದಿನಿ ನೂಲನ್ನು ಕಡ್ಡಿಯ ಮೇಲಿಂದ ಸುತ್ತುತ್ತಲೇ ಇರಲಿಲ್ಲ. ಕಡ್ಡಿಯ ಕೆಳಗೆ ನೂಲು ಸಿಕ್ಕಿಸಿ ನೆಟ್ಟಗೆ ಹಿಂದಕ್ಕೆ ಎಳೆದುಬಿಡುತ್ತಿದ್ದಳು. ಸುತ್ತು ಉಲ್ಟಾ, ದಾರಿ ಗಿಡ್ಡ, ನೂಲು ಕಡಿಮೆ, ಕುಣಿಕೆ ಬಿಗಿ. ಇಷ್ಟು ಕಂಡದ್ದೇ ದೊರೆಸಾನಿ ಬೆನ್ನು ತಿರುಗಿಸಿದಳು. ಮುಂದಿನ ಸೀದಾ ಸಾಲನ್ನು ನಾದಿನಿ ಹೇಗೆ ಹೆಣೆಯುತ್ತಾಳೆ ಎಂದು ನಿಂತು ನೋಡಲಿಲ್ಲ. ಸೀದಾ ಸಾಲಿನಲ್ಲಿ ನೋಡುವುದೇನಿದೆ, ಹಾಲು ಕುಡಿಯುವ ಕೂಸಿಗೂ ಗೊತ್ತು.

ಗೊತ್ತಿರದಿದ್ದುದು ಅವಳಿಗೇ. ಸುತ್ತು ತಿರುಗಿದರೆ ಕುಣಿಕೆಯೂ ಕಡ್ಡಿಯ ಮೇಲೆ ತಿರುಗಿ ಕೂರುತ್ತದೆ. ಕುಣಿಕೆಯ ಎರಡು ಎಳೆಗೆ ಕಾಲು ಎನ್ನುತ್ತಾರೆ; ಕಡ್ಡಿಯ ಮುಂದಿರಬೇಕಾದ ಕಾಲು ಹಿಂದಕ್ಕೆ ಹೋಗುತ್ತದೆ. ಆಗ ಸೀದಾ ಸಾಲಿನಲ್ಲಿ ಕಡ್ಡಿಯನ್ನು ಹಿಂದಿನ ಕಾಲಿಗೇ ಹಾಕಬೇಕು. ಎಂದಿನಂತೆ ಮುಂದಿನ ಕಾಲಿಗೆ ಹಾಕಿದರೆ ಕುಣಿಕೆ ತಿರುಚಿಕೊಂಡು, ಬುಡದಲ್ಲಿ ಕತ್ತರಿ ಹಾಕಿದ ಹಾಗೆ ಕಾಲು ಅಡ್ಡ ಬೀಳುತ್ತದೆ. ಮೂವತ್ತು ವರ್ಷ ಒಂದೇ ಕಡೆ ಸುತ್ತಿದ ದೊರೆಸಾನಿಯ ಕೈ ಮುಂದಿನ ಕಾಲಿಗೇ ಹೋಯಿತು. ಕುಣಿಕೆ ಕೊಂಚ ಗಟ್ಟಿ ಎನಿಸಿತು; ಬಿಗಿ ಬಂತು, ಒಳ್ಳೆಯದೇ ಎಂದುಕೊಂಡಳು. ಹಗಲು ಕಿಟಕಿಯ ಪಕ್ಕ ಬೇರೆಯವರ ತುಂಡು ನೋಡುತ್ತ, ಸಂಜೆ ಮನೆಯಲ್ಲಿ ಹೆಕ್ಕುತ್ತ, ಕುತ್ತಿಗೆಯವರೆಗೂ ಹೀಗೇ ಹೆಣೆದಳು. ಬೆಳಕಿಗೆ ಹಿಡಿದಾಗ ಪಟ್ಟೆಯಿಲ್ಲ. ಅವಳು ಮೂವತ್ತು ವರ್ಷದಿಂದ ಹುಡುಕುತ್ತಿದ್ದ ತಪ್ಪು ಪಟ್ಟೆಯೊಂದೇ, ಬೇರೆ ತಪ್ಪು ಎದುರಿಗೆ ಬಂದು ನಿಂತರೂ ಅವಳಿಗೆ ಗುರುತಿರಲಿಲ್ಲ. ಎಂಟು ವರ್ಷ ನಾದಿನಿ ತಿಣುಕಿದ್ದನ್ನು ತಾನು ಎಂಟು ದಿನದಲ್ಲಿ ಕಲಿತೆ ಎಂದು ಬೀಗಿದಳು. ಅರ್ಧ ಕಲಿತವರ ಅಬ್ಬರಕ್ಕೆ ಮಿತಿಯಿಲ್ಲ.

ನಾದಿನಿಯ ಬೆನ್ನನ್ನು ಕಿಟಕಿಗೆ ಹಿಡಿದಾಗ ಪಟ್ಟೆ ಸಿಗದೆ, ಮಸೆದಿಟ್ಟ ಮಾತನ್ನು ನುಂಗಿ ಮಡಚಿಟ್ಟಳು. ತುಂಡುಗಳೆಲ್ಲ ಒಗೆಯಲು ಹೋದವು. ಒಬ್ಬೊಬ್ಬರು ತಮ್ಮ ತುಂಡಿಗೆ ಕಟ್ಟಿದ ಗುರುತಿನ ಬಣ್ಣದ ದಾರಗಳನ್ನು, ಒಗೆದು ಒಣಗಿಸುವ ಇಸ್ತ್ರಿಯವನು ಮೊದಲೇ ಕತ್ತರಿಸಿ, ಯಾವ ತುಂಡು ಯಾರದೆಂದು ತನ್ನ ಪುಸ್ತಕದಲ್ಲಿ ಬರೆದಿಡುತ್ತಿದ್ದ. ಇಲ್ಲದಿದ್ದರೆ ಬಣ್ಣ ಬಿಡುತ್ತದೆ. ಒಗೆದ ತುಂಡುಗಳನ್ನು ಹಲಗೆಯ ಮೇಲೆ ಹರಡಿ, ಗೆರೆ ಹಾಕಿದ ಅಳತೆಗೆ ಗುಂಡುಸೂಜಿ ಚುಚ್ಚುವುದು ಅವನ ಕೆಲಸ. ಮೂರನೆಯ ದಿನ ಬೆಳಿಗ್ಗೆ ಅವನು ಯಜಮಾನಿಯನ್ನು ಕರೆದ. ದೊರೆಸಾನಿಯದು, ನಾದಿನಿಯದು ಎರಡು ಬೆನ್ನು ಅಕ್ಕಪಕ್ಕ ಇದ್ದವು. ಒಂದು ಗೆರೆಗೆ ಗೆರೆ ಕೂತಿತ್ತು. ಇನ್ನೊಂದು ಕಂಕುಳಿನವರೆಗೆ ಸರಿಯಿತ್ತು, ಅಲ್ಲಿಂದ ಮೇಲೆ ಒಂದು ಬೆರಳಗಲ ಒಳಕ್ಕೆ ಸೇದಿಕೊಂಡು, ಮುಟ್ಟಿದರೆ ರಟ್ಟಿನ ಹಾಗಿತ್ತು. ಎಷ್ಟು ಎಳೆದರೂ ಗೆರೆ ಮುಟ್ಟುತ್ತಿರಲಿಲ್ಲ.

ಯಜಮಾನಿ ದೊರೆಸಾನಿಯನ್ನು ಕರೆಸಿದಳು. ಹೆಂಗಸರೂ ಕಡ್ಡಿ ಕೆಳಗಿಟ್ಟು ಸುತ್ತ ಬಂದು ನಿಂತರು. ಕೆಟ್ಟದ್ದು ತನ್ನದು ಎಂದು ದೊರೆಸಾನಿಗೆ ಹಲಗೆ ಕಂಡ ಕೂಡಲೇ ಗೊತ್ತಾಯಿತು. ತಾನು ಕುತ್ತಿಗೆಗೆ ಕೊಟ್ಟ ತಿರುವು ತನಗೆ ಗೊತ್ತಿಲ್ಲವೇ. ಏನು ತಪ್ಪಾಗಿದೆ ಎಂದು ಮಾತ್ರ ಗೊತ್ತಾಗಲಿಲ್ಲ. ಎಲ್ಲರೂ ಒಳ್ಳೆಯ ಬೆನ್ನನ್ನು ಅವಳದೆಂದುಕೊಂಡು ನಿಂತಿದ್ದರು, ಯಜಮಾನಿಯೂ ಸೇರಿ. ಅವಳು ಬಾಯಿ ಬಿಡದಿದ್ದರೂ ಸಾಕಿತ್ತು. ಆದರೆ ನಾಲಿಗೆಗೆ ಮೂವತ್ತು ವರ್ಷದ ರೂಢಿ.

"ಇದರಲ್ಲಿ ಕೇಳೋದೇನಿದೆ? ಹೆಕ್ಕೋ ಕೈಗೆ ಬೆನ್ನು ಕೊಟ್ರೆ ಇದೇ ಆಗೋದು. ನಾನು ಅವತ್ತೇ ಹೇಳ್ದೆ."

ಎಲ್ಲರ ಕಣ್ಣು ನಾದಿನಿಯ ಕಡೆ ಹೋಯಿತು. ಅವಳು ಸಿಟ್ಟಾಗಲಿಲ್ಲ, ಅತ್ತಿಗೆಯ ಮುಖವನ್ನೂ ನೋಡಲಿಲ್ಲ. ಹಲಗೆಯ ಮೇಲೆ ಬಗ್ಗಿ, ಒಂದು ಗುಂಡುಸೂಜಿ ತೆಗೆದುಕೊಂಡು, ಕೆಟ್ಟ ಬೆನ್ನಿನ ಒಂದು ಕುಣಿಕೆಯ ಬುಡವನ್ನು ಸೂಜಿಯ ಮೊನೆಯಿಂದ ಬಿಡಿಸಿ ತೋರಿಸಿದಳು. ಕಾಲು ಅಡ್ಡ ಬಿದ್ದಿತ್ತು. ಪಕ್ಕದ್ದೂ ಹಾಗೇ. ಆ ಸಾಲು ಪೂರ್ತಿ ಹಾಗೇ, ಒಂದು ಬಿಟ್ಟು ಒಂದು ಸಾಲು ಕುತ್ತಿಗೆಯವರೆಗೂ ಹಾಗೇ. ಆಮೇಲೆ ಒಳ್ಳೆಯ ಬೆನ್ನಿನಲ್ಲಿ ತೋರಿಸಿದಳು. ಪ್ರತಿ ಕುಣಿಕೆಯೂ ಕಾಲು ಬಿಡಿಸಿಕೊಂಡು ಕೂತಿತ್ತು.

"ಹೆಕ್ಕೋ ಕೈನೇ ಇದು, ಅತ್ತಿಗೆ ಹೇಳಿದ್ದು ಸುಳ್ಳಲ್ಲ," ಎಂದಳು ನಿಧಾನವಾಗಿ. "ಆದ್ರೆ ಕಂಕುಳಿಂದ ಮೇಲೆ ಮಾತ್ರ. ಕೆಳಗಡೆ ಎಸೆದು ಹೆಣೆದಿದ್ದಾರೆ. ನನಗೆ ಎಸೆಯೋಕೇ ಬರಲ್ಲ."

ಇಸ್ತ್ರಿಯವನು ಪುಸ್ತಕಕ್ಕಾಗಿ ಮೇಜಿನ ಕಡೆ ತಿರುಗಿದ. ಅವನು ಹಾಳೆ ಮಗುಚುವ ಸದ್ದು ಕೇಳುತ್ತ ನಿಲ್ಲುವುದು ದೊರೆಸಾನಿಯಿಂದ ಆಗಲಿಲ್ಲ.

"ನಂದು," ಎಂದಳು.

ಯಾರಾದರೂ ನಗಲಿ ಎಂದು ಅವಳು ಕಾದಳು. ನಕ್ಕಿದ್ದರೆ ಅವಳಿಗೆ ತಿರುಗಿ ಬೈಯುವುದು ಗೊತ್ತಿತ್ತು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗದ ಹಾಗೆ ಎದ್ದು ನಿಲ್ಲುವುದು ಅವಳಿಗೆ ಕರಗತ. ಯಾರೂ ನಗಲಿಲ್ಲ. ನಾದಿನಿ ಗುಂಡುಸೂಜಿಯನ್ನು ಮತ್ತೆ ಅದರ ಜಾಗಕ್ಕೆ ಚುಚ್ಚಿ, ಮೊದಲ ಬಾರಿಗೆ ತಲೆಯೆತ್ತಿ ಅವಳ ಬಲಗೈಯನ್ನು ನೋಡಿದಳು.

"ಹೆಬ್ಬೆರಳು ಯಾವಾಗಿಂದ ನೋಯ್ತಿದೆ ಅತ್ತಿಗೆ?"

ಅಷ್ಟು ಜನರ ಎದುರು ಕೆನ್ನೆಗೆ ಹೊಡೆದಿದ್ದರೆ ಸಹಿಸುತ್ತಿದ್ದಳು. ಇದನ್ನು ಸಹಿಸುವುದು ಕಷ್ಟವಾಯಿತು. ಡಾಕ್ಟರು ಹೇಳಿದ್ದನ್ನು ಎರಡು ಮಾತಿನಲ್ಲಿ ಹೇಳಿದಳು, ಆ ಎರಡರಲ್ಲಿ ಒಂದು ಡಾಕ್ಟರ ಮಫ್ಲರಿನ ಬಗ್ಗೆ ಇತ್ತು. ಯಜಮಾನಿ ವ್ಯವಹಾರದ ಹೆಂಗಸು, ಹೆಚ್ಚು ಹೊತ್ತು ಮರುಗಲಿಲ್ಲ. ಕಂಕುಳಿನವರೆಗೆ ಬಿಚ್ಚಿ ನಾದಿನಿ ಮತ್ತೆ ಹೆಣೆಯಲಿ ಎಂದಳು. ನಾದಿನಿ ತಲೆಯಾಡಿಸಿ, ಪೂರ್ತಿ ಬಿಚ್ಚುವುದೇ ಮೇಲು, ಕೆಳಗೆ ಒಂದು ಕೈ ಮೇಲೆ ಒಂದು ಕೈ ಇದ್ದರೆ ತಾನು ಹೆಣೆದರೂ ನಡುವೆ ಗೆರೆ ಕಾಣುತ್ತದೆ ಎಂದಳು. ಮೂವತ್ತು ವರ್ಷ ದೊರೆಸಾನಿ ಹೇಳುತ್ತ ಬಂದಂಥ ಮಾತು ಅದು, ಅಷ್ಟು ಮೆತ್ತಗೆ ಅದನ್ನು ಹೇಳಬಹುದೆಂದು ಅವಳಿಗೆ ತಿಳಿದಿರಲಿಲ್ಲ.

ಯಜಮಾನಿ ಒಂದು ಕ್ಷಣ ಯೋಚಿಸಿ, ಹಾಗಾದರೆ ಇನ್ನು ಮೇಲೆ ತುಂಡು ನೋಡುವುದೂ ನಾದಿನಿಯೇ ಆಗಲಿ, ನಾಳೆಯಿಂದ ಕಿಟಕಿಯ ಕುರ್ಚಿಗೆ ಬರಲಿ ಎಂದಳು. ದೊರೆಸಾನಿ ಇದಕ್ಕೆ ಸಿದ್ಧಳಾಗಿಯೇ ನಿಂತಿದ್ದಳು. ಕೊಟ್ಟರೆ ಕೊಡಲಿ, ಕಿತ್ತುಕೊಳ್ಳುವಂಥ ವಸ್ತುವನ್ನು ಇಷ್ಟು ಕಾಲ ತಾನು ಇಟ್ಟುಕೊಂಡಿದ್ದೆನಲ್ಲ ಎಂಬ ಸಮಾಧಾನವಾದರೂ ಉಳಿಯುತ್ತದೆ. ನಾದಿನಿಯ ಮುಖದಲ್ಲಿ ಆಸೆ ಮೂಡುವುದನ್ನು ನೋಡಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು.

"ತುಂಡು ನೋಡ್ತೀನಿ, ಬೆಂಚಲ್ಲೇ ಕೂತು ನೋಡ್ತೀನಿ," ಎಂದಳು ನಾದಿನಿ. "ಆ ಕುರ್ಚಿ ನನಗೆ ಬೇಡ. ಅಲ್ಲಿ ಕೂತವರ ಜೊತೆ ಯಾರೂ ಮಾತಾಡಲ್ಲ."

ಅದನ್ನು ಅವಳು ಚುಚ್ಚಲು ಹೇಳಿರಲಿಲ್ಲ. ಬೆಂಚಿನ ಮೇಲೆ ಬಿಸಿಲು ಬರುವುದಿಲ್ಲ, ಆದರೂ ಪರವಾಗಿಲ್ಲ ಎನ್ನುವ ಹಾಗೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು. ಉಳಿದ ಹೆಂಗಸರು ಯಾರೂ ಅಲ್ಲ ಎನ್ನಲಿಲ್ಲ, ಯಾರಿಗೂ ಅದು ಹೊಸ ಸುದ್ದಿಯಾಗಿರಲಿಲ್ಲ. ದೊರೆಸಾನಿ ಮಾತ್ರ ಆ ಮೌನವನ್ನು ಮೂವತ್ತು ವರ್ಷವೂ ಮರ್ಯಾದೆ ಎಂದುಕೊಂಡಿದ್ದಳು.

ಹೆಂಗಸರು ತಮ್ಮ ತಮ್ಮ ಜಾಗಕ್ಕೆ ಹೋದರು. ನಾದಿನಿ ಕೆಟ್ಟ ಬೆನ್ನಿನ ಗುಂಡುಸೂಜಿಗಳನ್ನು ಒಂದೊಂದಾಗಿ ಕಿತ್ತು, ಕುತ್ತಿಗೆಯ ಕೊನೆಯ ಗಂಟು ಬಿಡಿಸಿ, ನೂಲಿನ ತುದಿಯನ್ನು ಅತ್ತಿಗೆಯ ಎಡಗೈಗೆ ಕೊಟ್ಟಳು. ತಾನು ಉಂಡೆ ಸುತ್ತುತ್ತೇನೆ, ನೀವು ಎಳೆಯಿರಿ ಎಂದಳು. ತಿರುಚಿದ ಕುಣಿಕೆಗಳು ಸುಲಭಕ್ಕೆ ಬಿಡಲಿಲ್ಲ, ಸಾಲು ಸಾಲಿಗೂ ತಡೆತಡೆದು ಬಂದವು. ಮಫ್ಲರ್ ಬೆಂಚಿನವರು ನಾದಿನಿಗಾಗಿ ಜಾಗ ಬಿಟ್ಟು ಕೂತಿದ್ದರು, ಪಕ್ಕದಲ್ಲಿ ಇನ್ನೊಬ್ಬರು ಹಿಡಿಸುವಷ್ಟು ಜಾಗವೂ ಅಲ್ಲಿತ್ತು. ಕೂರು ಎಂದು ಯಾರೂ ಕರೆಯಲಿಲ್ಲ, ಬೇಡ ಎಂದೂ ಹೇಳಲಿಲ್ಲ. ದೊರೆಸಾನಿ ನಿಂತೇ ಎಳೆಯುತ್ತಿದ್ದಳು. ಕಂಕುಳು ದಾಟಿ ತಾನು ಎಸೆದು ಹೆಣೆದ ಭಾಗ ಬಂದಾಗ ನೂಲು ಒಮ್ಮೆಲೇ ಸಲೀಸಾಗಿ ಹರಿಯಿತು, ಅವಳು ಎಳೆಯುವುದನ್ನು ನಿಧಾನ ಮಾಡಿದಳು.

"ಸೀದಾ ಸಾಲಲ್ಲಿ ಹಿಂದಿನ ಕಾಲಿಗೆ ಹಾಕ್ಬೇಕಿತ್ತಾ?" ಎಂದು ಕೇಳಿದಳು. ದನಿ ಎಷ್ಟು ಸಣ್ಣಗಿತ್ತೆಂದರೆ ನಾದಿನಿ ಇನ್ನೊಮ್ಮೆ ಹೇಳಿ ಎಂದಳು, ಅವಳು ಇನ್ನೊಮ್ಮೆ ಕೇಳಿದಳು.